ವೇಗ ಮುಚ್ಚಿ, ಸಾಕ್ಷಿಯನ್ನೇಕೆ ಕೊಲ್ಲುತ್ತೀರಿ?

ಕಾರಿಗೆ ಡ್ಯಾಶ್‌ಕ್ಯಾಮ್ ಹಾಕಿಸಿದವರಿಗೆಲ್ಲ ಒಂದು ಉಪದೇಶ ಪುಕ್ಕಟೆಯಾಗಿ ಸಿಗುತ್ತದೆ. ಕ್ಯಾಮೆರಾ ಕೂರಿಸುವ ಅಂಗಡಿಯ ಹುಡುಗ ವೈರು ಸಿಕ್ಕಿಸುತ್ತಲೇ ಹೇಳುತ್ತಾನೆ: "ಸ್ಪೀಡು, ಲೊಕೇಶನ್ ಎರಡನ್ನೂ ಆಫ್ ಮಾಡಿಬಿಡಿ ಸರ್. ನಾಳೆ ಏನಾದ್ರೂ ಆದ್ರೆ ನಿಮಗೇ ತಿರುಗಿಬೀಳುತ್ತೆ." ಆಫ್ ಮಾಡಲು ಮರೆತವರಿಗೆ ಎರಡನೆಯ ಉಪದೇಶ ಸ್ನೇಹಿತರಿಂದ ಬರುತ್ತದೆ: "ವಿಡಿಯೊ ಹಾಕೋ ಮುಂಚೆ ಕೆಳಗಿನ ಪಟ್ಟಿ ಕತ್ತರಿಸು. ಒರಿಜಿನಲ್ ಇಟ್ಕೊಬೇಡ, ಡಿಲೀಟ್ ಮಾಡು." ಇದನ್ನು ಹೇಳುವವರ ದನಿಯಲ್ಲಿ ಅಳುಕಿಲ್ಲ, ಕೇಳುವವರಲ್ಲಿ ಪ್ರಶ್ನೆಯಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ. ರಸ್ತೆಯ ಜಾಣತನವೆಂದರೆ ಇದೇ ಎಂದು ನಂಬಿಬಿಟ್ಟಿದ್ದಾರೆ.

ಇದು ಜಾಣತನವಲ್ಲ. ಸಾವಿರಾರು ರೂಪಾಯಿ ಕೊಟ್ಟು ಒಬ್ಬ ಸಾಕ್ಷಿಯನ್ನು ಕಾರಿನಲ್ಲಿ ಕೂರಿಸಿಕೊಂಡು, ಅವನ ಬಾಯಿಗೆ ನಾವೇ ಬಟ್ಟೆ ತುರುಕುವ ಕೆಲಸ. ಹಂಚುವ ನಕಲಿನಲ್ಲಿ ವೇಗವನ್ನೂ ಸ್ಥಳವನ್ನೂ ಮುಚ್ಚುವುದಕ್ಕೆ ನನ್ನ ತಕರಾರಿಲ್ಲ. ಅದಕ್ಕೆ ನ್ಯಾಯವಾದ ಕಾರಣಗಳಿವೆ. ನನ್ನ ತಕರಾರು ಬೇರೆ ಎರಡಕ್ಕೆ. ಮುಚ್ಚಿದ್ದು ಗೊತ್ತಾಗದಂತೆ ಮುಚ್ಚುವುದಕ್ಕೆ, ಮುಚ್ಚಿದ ಮೇಲೆ ಮೂಲವನ್ನು ಅಳಿಸುವುದಕ್ಕೆ.

ಮೊದಲು ಆ ಪಟ್ಟಿಯಲ್ಲಿ ಏನಿರುತ್ತದೆ ನೋಡೋಣ. ಸಾಮಾನ್ಯವಾಗಿ ವಿಡಿಯೊದ ಕೆಳ ಅಂಚಿನಲ್ಲಿ ದಿನಾಂಕ, ಗಂಟೆ–ನಿಮಿಷ–ಸೆಕೆಂಡು, ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ವೇಗ, ಅಕ್ಷಾಂಶ, ರೇಖಾಂಶ ಇರುತ್ತವೆ. ಕೆಲವರು ತಮ್ಮ ಗಾಡಿಯ ನಂಬರನ್ನೂ ಸೇರಿಸಿರುತ್ತಾರೆ. ಬಹುತೇಕ ಕ್ಯಾಮೆರಾಗಳಲ್ಲಿ ಈ ಅಕ್ಷರಗಳು ಚಿತ್ರದ ಮೇಲೆ ತೇಲುವ ಪದರವಲ್ಲ, ಚಿತ್ರದೊಳಗೇ ಸುಟ್ಟು ಕೂರಿಸಿದ ಅಚ್ಚು. ಆಮೇಲೆ ಎತ್ತಿ ಪಕ್ಕಕ್ಕಿಡಲು ಬರುವುದಿಲ್ಲ. ಮುಚ್ಚಬೇಕೆಂದರೆ ಅದರ ಅಡಿಯ ಚಿತ್ರವನ್ನೂ ಸೇರಿಸಿಯೇ ಮುಚ್ಚಬೇಕು. ಅಕ್ಷಾಂಶವನ್ನು ದಶಮಾಂಶದ ಐದು ಸ್ಥಾನದವರೆಗೆ ಬರೆದರೆ ಅದು ಸುಮಾರು ಒಂದು ಮೀಟರಿನಷ್ಟು ನಿಖರ. ಅಂದರೆ ನೀವು ಯಾವ ಬೀದಿಯವರು ಎಂದಷ್ಟೇ ಅಲ್ಲ, ಯಾವ ಗೇಟಿನವರು ಎಂಬುದೂ ಗೊತ್ತಾಗುತ್ತದೆ. ಬೆಳಿಗ್ಗೆ ಮನೆ ಬಿಟ್ಟು ಎರಡು ನಿಮಿಷಕ್ಕೆ ನಡೆದ ಜಗಳದ ವಿಡಿಯೊವನ್ನು ಊರಿಗೆಲ್ಲ ಹಂಚುವವರು ತಮ್ಮ ಮನೆಯ ವಿಳಾಸವನ್ನೂ ಜೊತೆಗೇ ಹಂಚುತ್ತಾರೆ. ಆದ್ದರಿಂದ ಮುಚ್ಚಿ, ಖಂಡಿತ ಮುಚ್ಚಿ. ಆದರೆ ಮುಚ್ಚುವುದಕ್ಕೂ ಅಳಿಸುವುದಕ್ಕೂ ಇರುವ ಅಂತರ ತಿಳಿಯದವರು ಉಪದೇಶ ಕೊಡುವುದನ್ನು ನಿಲ್ಲಿಸಲಿ.

ವೇಗದ ಅಂಕಿ ಯಾವಾಗಲೂ ಚಾಲಕನಿಗೆ ಶತ್ರು ಎಂಬುದು ಈ ಉಪದೇಶದ ಬುನಾದಿ. ಆ ಬುನಾದಿಯೇ ಪೊಳ್ಳು. ಒಂದು ಅಪಘಾತವನ್ನು ಊಹಿಸಿಕೊಳ್ಳಿ. ತುಮಕೂರು ರಸ್ತೆ, ನೆಲಮಂಗಲ ದಾಟಿ ದಾಬಸ್‌ಪೇಟೆಯ ಕಡೆಗೆ ಒಂದು ಕಾರು ಹೋಗುತ್ತಿದೆ. ಅಲ್ಲಿನ ಫಲಕದ ಪ್ರಕಾರ ಮಿತಿ 80. ಸರ್ವೀಸ್ ರಸ್ತೆಯಿಂದ ಒಂದು ಬೈಕು ಎದುರು ದಿಕ್ಕಿನಲ್ಲಿ ನುಗ್ಗಿ ಅಡ್ಡ ಬರುತ್ತದೆ. ಚಾಲಕ ಬ್ರೇಕ್ ಒತ್ತುತ್ತಾನೆ, ಆದರೂ ತಾಗುತ್ತದೆ. ಸವಾರನ ಕಾಲು ಮುರಿಯುತ್ತದೆ. ಆ ಸಂಜೆ ಚಾಲಕ ವಿಡಿಯೊವನ್ನು ಫೋನಿಗೆ ಇಳಿಸಿ, ಕೆಳಗಿನ ಪಟ್ಟಿ ಕತ್ತರಿಸಿ, ಹನ್ನೆರಡು ಸೆಕೆಂಡಿಗೆ ಮೊಟಕುಗೊಳಿಸಿ, ವಾಟ್ಸ್‌ಆ್ಯಪಿನಲ್ಲಿ ಹರಿಯಬಿಡುತ್ತಾನೆ. ರಾಂಗ್ ಸೈಡಿನಲ್ಲಿ ಬಂದವನನ್ನು ಊರೆಲ್ಲ ಬೈಯುತ್ತದೆ. ಚಾಲಕನಿಗೆ ಸಮಾಧಾನ. ಮರುದಿನ ಹುಬ್ಬಳ್ಳಿಗೆ ಹೋಗಿ ಬರುತ್ತಾನೆ.

ಆ ಪ್ರಯಾಣ ಮೂಲವನ್ನು ಏನು ಮಾಡಿತು? ಡ್ಯಾಶ್‌ಕ್ಯಾಮ್ ಕಾರ್ಡು ತುಂಬಿದೊಡನೆ ಹಳೆಯ ಫೈಲಿನ ಮೇಲೆ ಹೊಸದನ್ನು ಬರೆಯುತ್ತದೆ. ಸೆಕೆಂಡಿಗೆ 15 ಮೆಗಾಬಿಟ್ ದರದಲ್ಲಿ ಒಂದು ನಿಮಿಷಕ್ಕೆ ಸುಮಾರು 112 ಎಂಬಿ ಬೇಕು. 64 ಜಿಬಿ ಕಾರ್ಡಿನಲ್ಲಿ ಹಿಡಿಸುವುದು ಒಂಬತ್ತು ಗಂಟೆ ಚಿಲ್ಲರೆ. ಹಿಂದಿನ ಕ್ಯಾಮೆರಾವೂ ಇದ್ದರೆ ಇನ್ನೂ ಕಡಿಮೆ. ಹುಬ್ಬಳ್ಳಿಗೆ ಹೋಗುವ ದಾರಿಯಲ್ಲೇ ಕಾರ್ಡಿನ ಬಹುಪಾಲು ಮುಗಿಯುತ್ತದೆ, ಬರುವಾಗ ನೆಲಮಂಗಲದ ಅಪಘಾತದ ಮೇಲೆ ಹಾವೇರಿಯ ಬಯಲು ಅಚ್ಚಾಗುತ್ತದೆ. ಹೊಡೆತ ಬಿದ್ದಾಗ ಕ್ಯಾಮೆರಾ ತಾನಾಗಿಯೇ ಫೈಲನ್ನು ಲಾಕ್ ಮಾಡುತ್ತದಲ್ಲ ಎನ್ನಬಹುದು. ಮಾಡುತ್ತದೆ, ಸಂವೇದಕಕ್ಕೆ ಹೊಡೆತ ತಟ್ಟಿದರೆ. ಬೈಕಿನ ಸವರುವಿಕೆ ಎಷ್ಟೋ ಸಲ ತಟ್ಟುವುದೇ ಇಲ್ಲ. ತಟ್ಟಿದರೂ ಲಾಕ್ ಆಗುವುದು ಆ ಒಂದು ತುಣುಕು ಮಾತ್ರ. ರಸ್ತೆಗುಂಡಿಗಳು ಲಾಕ್ ಮಾಡಿಸಿದ ನೂರು ತುಣುಕುಗಳು ಸೇರಿ ಆ ಫೋಲ್ಡರೂ ತುಂಬಿದರೆ ಕೆಲವು ಕ್ಯಾಮೆರಾಗಳು ಅಲ್ಲಿಯೂ ಹಳೆಯದನ್ನು ಅಳಿಸುತ್ತವೆ. ನಮ್ಮ ರಸ್ತೆಗಳಲ್ಲಿ ಅದಕ್ಕೇನು ಬಹಳ ದಿನ ಬೇಕಿಲ್ಲ.

ಮೂರು ವಾರ ಕಳೆದ ಮೇಲೆ ಪ್ರಕರಣ ಬೇರೆ ದಾರಿ ಹಿಡಿಯುತ್ತದೆ. ಕಾರು 110ರಲ್ಲಿತ್ತು, ಇಲ್ಲದಿದ್ದರೆ ನಿಲ್ಲುತ್ತಿತ್ತು ಎಂದು ಸವಾರನ ಕಡೆಯವರು ಹೇಳುತ್ತಾರೆ. ಈಗ ಚಾಲಕನ ಬಳಿ ಏನಿದೆ? ಕೆಳಭಾಗ ಕತ್ತರಿಸಿದ, ಹನ್ನೆರಡು ಸೆಕೆಂಡಿನ, ವಾಟ್ಸ್‌ಆ್ಯಪ್ ಹಿಂಡಿ ಕಳುಹಿಸಿದ ತುಣುಕು. ಆತ ನಿಜವಾಗಿ 78ರಲ್ಲಿದ್ದ. ಅದನ್ನು ಹೇಳಬಲ್ಲ, ಆತನ ಕೈಯಲ್ಲೇ ಇದ್ದ ಒಂದೇ ಸಾಕ್ಷಿ ಕ್ಯಾಮೆರಾ. ಅದನ್ನು ಆತನೇ ಕೊಂದಿದ್ದ. ಮಿತಿಯೊಳಗೆ ಓಡಿಸಿದವನು ಮಿತಿ ಮೀರಿದವನಂತೆ ಕಾಣಲು ಇದಕ್ಕಿಂತ ಸುಲಭದ ದಾರಿ ಇನ್ನೇನಿದೆ?

ಮೂಲ ಉಳಿದಿದ್ದರೆ ಏನಾಗುತ್ತಿತ್ತು? ವೇಗದ ಅಂಕಿ ಒಂದೇ ಸಾಕಾಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆ ಅಂಕಿಯನ್ನು ಕುರುಡಾಗಿ ನಂಬುವುದೂ ತಪ್ಪು. ಜಿಪಿಎಸ್ ಲೆಕ್ಕ ಹಾಕುವ ವೇಗ ಒಂದೇ ಸಮನಾದ ಓಟದಲ್ಲಿ ಬಹಳ ಚೆನ್ನಾಗಿರುತ್ತದೆ. ಕಾರಿನ ಸ್ಪೀಡೋಮೀಟರಿಗಿಂತ ಚೆನ್ನಾಗಿಯೇ ಇರುತ್ತದೆ. ಸ್ಪೀಡೋಮೀಟರ್ ಇರುವುದಕ್ಕಿಂತ ಕಡಿಮೆ ತೋರಿಸಬಾರದೆಂಬ ನಿಯಮವಿರುವುದರಿಂದ ತಯಾರಕರು ಅದನ್ನು ತುಸು ಹೆಚ್ಚು ತೋರಿಸುವಂತೆಯೇ ಹೊಂದಿಸುತ್ತಾರೆ. ಮುಳ್ಳು 82 ತೋರಿಸುವಾಗ ವಿಡಿಯೊದ ಕೆಳ ಅಂಚಿನ ಸ್ಟ್ಯಾಂಪಿನಲ್ಲಿ 78 ಕಂಡರೆ ಅಚ್ಚರಿಯಿಲ್ಲ. ಆದರೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಈ ಅಂಕಿ ಹಿಂದೆ ಬೀಳುತ್ತದೆ. ಹಲವು ಕ್ಯಾಮೆರಾಗಳಲ್ಲಿ ಅದು ಸೆಕೆಂಡಿಗೊಮ್ಮೆ ಮಾತ್ರ ಬದಲಾಗುತ್ತದೆ, ಅದರ ಮೇಲೆ ಲೆಕ್ಕಾಚಾರದ ತಡ ಬೇರೆ. ತಾಗಿದ ಕ್ಷಣದ ಚಿತ್ರದಲ್ಲಿ 63 ಎಂದು ಕಾಣಬಹುದು, ಕಾರಿನ ನಿಜವಾದ ವೇಗ 40 ಆಗಿರಬಹುದು.

ಇದನ್ನು ಹೇಗೆ ತಿಳಿಯುವುದು? ರಸ್ತೆಯನ್ನೇ ಕೇಳಬೇಕು. ಆ ಜಾಗದಲ್ಲಿ ಟೇಪು ಹಿಡಿದು ಲೇನಿನ ಬಿಳಿ ಗೀಟುಗಳನ್ನು ಅಳೆದಾಗ ಒಂದು ಗೀಟಿನ ಆರಂಭದಿಂದ ಮುಂದಿನ ಗೀಟಿನ ಆರಂಭಕ್ಕೆ 9 ಮೀಟರ್ ಬಂತು ಎಂದುಕೊಳ್ಳಿ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಬ್ರೇಕಿಗೆ ಮುಂಚೆ ಎರಡು ಗೀಟಿನಂತರ, ಅಂದರೆ 18 ಮೀಟರ್ ದಾಟಲು 25 ಚಿತ್ರ ಹಿಡಿಯಿತು. 25 ಚಿತ್ರವೆಂದರೆ ಒಂದು ಸೆಕೆಂಡಿನ ಆರರಲ್ಲಿ ಐದು ಪಾಲು. ಲೆಕ್ಕ ಹಾಕಿದರೆ ಸೆಕೆಂಡಿಗೆ 21.6 ಮೀಟರ್, ಗಂಟೆಗೆ 78 ಕಿ.ಮೀ. ಸ್ಟ್ಯಾಂಪ್ ಹೇಳಿದ್ದೂ ಅದನ್ನೇ. ತಾಗುವ ಮುಂಚಿನ ಕೊನೆಯ 9 ಮೀಟರಿಗೆ ಹಿಡಿದದ್ದು 24 ಚಿತ್ರ, ಅಂದರೆ ಗಂಟೆಗೆ ಸುಮಾರು 40. ಇಲ್ಲಿ ಸ್ಟ್ಯಾಂಪ್ 63 ಎನ್ನುತ್ತಿದೆ, ಅಂದರೆ ಅದು ಹಿಂದೆ ಬಿದ್ದಿದೆ. ಈಗ ಎರಡು ಸಂಗತಿ ಒಟ್ಟಿಗೆ ಸಿದ್ಧವಾದವು. ಚಾಲಕ ಮಿತಿಯೊಳಗಿದ್ದ, ಅಪಾಯ ಕಂಡೊಡನೆ ವೇಗವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದ. ಸ್ಟ್ಯಾಂಪೂ ರಸ್ತೆಯೂ ಒಂದನ್ನೊಂದು ಪರೀಕ್ಷಿಸಿದವು. ಬರೀ ಒಂದಿದ್ದಿದ್ದರೆ ಈ ಬಲ ಬರುತ್ತಿರಲಿಲ್ಲ.

ಇದೇ ಲೆಕ್ಕವನ್ನು ವಾಟ್ಸ್‌ಆ್ಯಪಿನ ತುಣುಕಿನ ಮೇಲೆ ಮಾಡಿ ನೋಡಿ. ವಿಡಿಯೊ ಎಂದು ಕಳುಹಿಸಿದ ಫೈಲನ್ನು ಅದು ಮತ್ತೆ ಹಿಂಡುತ್ತದೆ, ಸಣ್ಣದು ಮಾಡುತ್ತದೆ. ನಡುವೆ ಚಿತ್ರಗಳು ಬಿಟ್ಟುಹೋಗಿದ್ದರೆ ಎಣಿಕೆಗೆ ಅರ್ಥವಿಲ್ಲ. ಗೀಟಿನ ಅಂಚು ಮಸುಕಾಗಿ ಯಾವ ಚಿತ್ರದಲ್ಲಿ ದಾಟಿತು ಎಂದು ಹೇಳಲಾಗುವುದಿಲ್ಲ. ಕೆಳಭಾಗ ಕತ್ತರಿಸಿದ್ದರಿಂದ ಬಾನೆಟ್ಟಿನ ಅಂಚೂ ಹೋಯಿತು, ಗೀಟು ಎಲ್ಲಿ ದಾಟಿತು ಎಂದು ನೋಡಲು ಆಸರೆಯೇ ಇಲ್ಲ. ಸ್ಟ್ಯಾಂಪನ್ನು ಮಾತ್ರ ಕತ್ತರಿಸಿದೆ ಎಂದುಕೊಂಡವನು ಅಳತೆಗೋಲನ್ನೇ ಕತ್ತರಿಸಿದ್ದಾನೆ.

ಇನ್ನು ಆಫ್ ಮಾಡಿಬಿಡಿ ಎನ್ನುವವರ ಮಾತು. ಹಲವು ಜಿಪಿಎಸ್ ಕ್ಯಾಮೆರಾಗಳು ಅಕ್ಷರದ ಅಚ್ಚಿನ ಜೊತೆಗೆ ಅದೇ ಮಾಹಿತಿಯನ್ನು ವಿಡಿಯೊ ಫೈಲಿನ ಒಡಲಲ್ಲಿ ಬೇರೆಯಾಗಿಯೂ ಬರೆಯುತ್ತವೆ. ಕಂಪ್ಯೂಟರಿನ ಪ್ಲೇಯರಿನಲ್ಲಿ ನಕಾಶೆಯ ಮೇಲೆ ಕಾರು ಓಡುವುದು ಕಾಣುವುದು ಇದರಿಂದಲೇ. ಅಚ್ಚನ್ನು ಆಫ್ ಮಾಡಿದರೂ ಇದು ಹಲವು ಮಾದರಿಗಳಲ್ಲಿ ಹಾಗೆಯೇ ನಡೆಯುತ್ತಿರುತ್ತದೆ. ಪರದೆಯ ಮೇಲೆ ಅಂಕಿ ಕಾಣದ್ದರಿಂದ ಗುಟ್ಟು ಉಳಿಯಿತು ಎಂದು ನಂಬಿದವರು, ಫೈಲನ್ನು 'ಡಾಕ್ಯುಮೆಂಟ್' ಎಂದು ಕಳುಹಿಸಿದರೆ ಸೆಕೆಂಡು ಸೆಕೆಂಡಿನ ವೇಗವನ್ನೂ ಸ್ಥಳವನ್ನೂ ಕಟ್ಟಿ ಕಳುಹಿಸಿದಂತೆಯೇ. ಎಂಥ ಚಂದದ ಜಾಣತನ ನೋಡಿ! ಬೇಕಾದವರಿಗೆ ಬೇಕಾದದ್ದು ಸಿಗುವುದಿಲ್ಲ, ಬೇಡದವರಿಗೆ ಎಲ್ಲವೂ ಸಿಗುತ್ತದೆ. ಅಷ್ಟು ಸಾಲದೆಂದು ಜಿಪಿಎಸ್ಸನ್ನೇ ಕಿತ್ತುಹಾಕಿದರೆ ಕ್ಯಾಮೆರಾದ ಗಡಿಯಾರ ಸರಿಮಾಡುವ ಆಧಾರವೂ ಹೋಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಬೆಂದ ಕ್ಯಾಮೆರಾ ಗಡಿಯಾರ ಮರೆತು ಕಾರ್ಖಾನೆಯ ಮೊದಲ ದಿನಾಂಕಕ್ಕೆ ಮರಳಿದರೆ, ನಿಮ್ಮ ವಿಡಿಯೊ ಯಾವ ವರ್ಷದ್ದು ಎಂದು ನೀವೇ ಸಾಬೀತು ಮಾಡಬೇಕು.

ಅಂಕಿ ಮುಚ್ಚಿದ ಮಾತ್ರಕ್ಕೆ ವೇಗ ಗುಟ್ಟಾಗಿ ಉಳಿಯುತ್ತದೆಯೇ? ಫಾಸ್ಟ್ಯಾಗ್ ಎರಡು ಟೋಲ್‌ಗಳ ಗಂಟೆ–ನಿಮಿಷ ಹೇಳುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳು ಹೇಳುತ್ತವೆ. ಪೆಟ್ರೋಲ್ ಬಂಕಿನ ಸಿಸಿಟಿವಿ, ಹಿಂದೆ ಬಂದ ಲಾರಿಯ ಕ್ಯಾಮೆರಾ, ಕೆಲವು ಕಾರುಗಳಲ್ಲಿ ಏರ್‌ಬ್ಯಾಗಿನ ಪೆಟ್ಟಿಗೆ, ಎಲ್ಲವೂ ಹೇಳಬಲ್ಲವು. ಉಳಿದವರೆಲ್ಲ ಮಾತಾಡುವಾಗ ನಿಮ್ಮ ಕ್ಯಾಮೆರಾ ಮಾತ್ರ ಮೂಕವಾಗಿದ್ದರೆ ಕೇಳುವವರಿಗೆ ಏನನ್ನಿಸುತ್ತದೆ?

ಕಾನೂನಿಗೆ ಅನ್ನಿಸುವುದೂ ಅದೇ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಂ, ಹಳೆಯ 114ರಂತೆಯೇ, ಒಂದು ಸಾಮಾನ್ಯ ಬುದ್ಧಿಯ ಊಹೆಯನ್ನು ಕೋರ್ಟಿಗೆ ಬಿಟ್ಟಿದೆ. ಕೈಯಲ್ಲಿದ್ದ ಸಾಕ್ಷ್ಯವನ್ನು ಒಬ್ಬ ತಡೆಹಿಡಿದರೆ, ಅದು ಹೊರಬಂದಿದ್ದರೆ ಅವನಿಗೇ ವಿರುದ್ಧವಾಗುತ್ತಿತ್ತು ಎಂದು ಭಾವಿಸಬಹುದು. ವಾರಾಣಸಿಯ ಹೋಟೆಲಿನ ಸಾವಿನ ಪ್ರಕರಣದಲ್ಲಿ, ತೊಮಾಸೊ ಬ್ರೂನೊ ಎಂಬ ಹೆಸರಿನ 2015ರ ತೀರ್ಪಿನಲ್ಲಿ, ಸಿಸಿಟಿವಿ ದೃಶ್ಯವನ್ನು ಮುಂದಿಡದ ಪ್ರಾಸಿಕ್ಯೂಷನ್ ವಿರುದ್ಧ ಸುಪ್ರೀಂ ಕೋರ್ಟ್ ಈ ಊಹೆಯನ್ನೇ ಬಳಸಿತು. ಅಲ್ಲಿ ತಪ್ಪಿದ್ದು ಸರ್ಕಾರದ ಕಡೆ. ಊಹೆಯ ತರ್ಕ ಮಾತ್ರ ಎಲ್ಲರಿಗೂ ಒಂದೇ. "ಸ್ಟ್ಯಾಂಪ್ ಕತ್ತರಿಸಿದ್ದೇಕೆ, ಮೂಲ ಎಲ್ಲಿ?" ಎಂದು ಎದುರು ವಕೀಲರು ಕೇಳಿದಾಗ "ಎಲ್ಲರೂ ಹಾಗೇ ಮಾಡ್ತಾರೆ ಸ್ವಾಮಿ" ಎಂಬ ಉತ್ತರ ಎಷ್ಟು ದೂರ ನಡೆಯುತ್ತದೆ?

ಅದೇ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಯ ನಕಲನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಕೇಳುತ್ತದೆ. ಈಗಿನ ನಮೂನೆಯಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಒಂದು ಭಾಗವನ್ನು ದಾಖಲೆ ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು. 2020ರ ಅರ್ಜುನ್ ಪಂಡಿತರಾವ್ ಖೋಟ್ಕರ್ ತೀರ್ಪಿನಲ್ಲಿ, ಹಳೆಯ ಕಾಯ್ದೆಯಡಿ ಇಂಥದೇ ಪ್ರಮಾಣಪತ್ರದ ಬಗ್ಗೆ ಹೇಳುತ್ತ, ಮೂಲ ಸಾಧನವನ್ನೇ ಮುಂದಿಟ್ಟರೆ ಪತ್ರ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತ್ತು. ಮೂಲಕ್ಕೆ ಅಷ್ಟು ಬೆಲೆ. ಕತ್ತರಿಸಿದ, ಮೂರು ಸಲ ಫಾರ್ವರ್ಡ್ ಆದ ತುಣುಕಿಗೆ ಹ್ಯಾಶ್ ತೆಗೆಯಬಹುದು, ಆದರೆ ಅದು ಕ್ಯಾಮೆರಾದಿಂದ ಬಂದ ಫೈಲಿನದಲ್ಲ, ನಿಮ್ಮ ಕತ್ತರಿಯದು.

"ನಿಜವಾಗಿಯೂ ಮಿತಿ ಮೀರಿದ್ದರೆ?" ಎಂದು ಪಿಸುಗುಟ್ಟುವವರಿದ್ದಾರೆ. ಉಪದೇಶದ ನಿಜವಾದ ಹೊಟ್ಟೆನೋವು ಇದೇ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಮೀರಿ ಓಡಿಸುವವರ ಮೇಲೆ ಎಫ್‌ಐಆರ್ ಎಂದು ಪೊಲೀಸರು ಘೋಷಿಸಿದ ಮೇಲೆ ಇದು ಇನ್ನೂ ಹೆಚ್ಚಾಗಿದೆ. ಹಾಗಾದರೆ ಬಾಯಿಬಿಟ್ಟು ಹೇಳಿ, ಇದು ಖಾಸಗಿತನದ ಕಾಳಜಿಯಲ್ಲ, ಸಿಕ್ಕಿಬೀಳುವ ಭಯ ಎಂದು. ಆ ಭಯಕ್ಕೂ ಈ ಉಪದೇಶ ಮದ್ದಲ್ಲ. ಮೋಟಾರು ವಾಹನ ಕಾಯ್ದೆಯ 183ನೇ ಕಲಂನಲ್ಲಿ ಕಾರಿನ ವೇಗಮಿತಿ ಮೀರಿದ್ದಕ್ಕೆ ಇರುವ ದಂಡ ಸಾವಿರದಿಂದ ಎರಡು ಸಾವಿರ ರೂಪಾಯಿ. ಕೋರ್ಟಿಗೆ ಹಾಜರುಪಡಿಸಬೇಕಾದೀತು ಎಂದು ತಿಳಿದು, ಅದನ್ನು ತಪ್ಪಿಸುವುದಕ್ಕೇ ಎಲೆಕ್ಟ್ರಾನಿಕ್ ದಾಖಲೆಯನ್ನು ನಾಶ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಮೂರು ವರ್ಷದವರೆಗಿನ ಸೆರೆವಾಸದ ಮಾತಾಡುತ್ತದೆ. ಯಾರೋ ಗಾಯಗೊಂಡಿರುವ ಪ್ರಕರಣದಲ್ಲಿ "ಡಿಲೀಟ್ ಮಾಡು" ಎನ್ನುವ ಸ್ನೇಹಿತ ನಿಮ್ಮನ್ನು ದಂಡದಿಂದ ಬಿಡಿಸಿ ಜೈಲಿನ ಬಾಗಿಲಿಗೆ ಬಿಟ್ಟುಬರುತ್ತಿದ್ದಾನೆ.

ಇದಕ್ಕಿಂತಲೂ ಅಸಹ್ಯವಾದ ಸಂಗತಿ ಒಂದಿದೆ. ಹೀಗೆ ಹರಿದಾಡುವ ವಿಡಿಯೊಗಳನ್ನು ಗಮನಿಸಿ. ಹಾಕಿದವನ ವೇಗ ಮಾಯ. ಹಾಕಿದವನ ಸ್ಥಳ ಮಾಯ. ಎದುರಿನವನ ನಂಬರ್ ಪ್ಲೇಟ್ ಮಾತ್ರ ಸ್ವಚ್ಛ, ಸ್ಪಷ್ಟ, ಕೆಲವೊಮ್ಮೆ ಕೆಂಪು ಗೆರೆ ಸುತ್ತಿ ತೋರಿಸಿದ್ದು. ಖಾಸಗಿತನ ಎಂಬ ಮಾತು ತಮ್ಮ ಬಾನೆಟ್ಟಿನ ತುದಿಗೇ ಮುಗಿಯುತ್ತದೆಯೆ? ಒಬ್ಬನನ್ನು ಲಕ್ಷಾಂತರ ಜನರ ಮುಂದೆ ಕಟಕಟೆಯಲ್ಲಿ ನಿಲ್ಲಿಸುವವನು, ತಾನು ಎಷ್ಟು ವೇಗದಲ್ಲಿದ್ದೆ ಎಂಬ ಮೊದಲ ಪ್ರಶ್ನೆಯನ್ನೇ ಕತ್ತರಿಸಿ ಬರುತ್ತಾನೆ. ಹಿಂದಿನ ಹತ್ತು ಸೆಕೆಂಡನ್ನೂ ಕತ್ತರಿಸಿ ಬರುತ್ತಾನೆ. ಯಾರು ಮೊದಲು ಹಾರ್ನ್ ಬಜಾಯಿಸಿದರು, ಯಾರು ಯಾರನ್ನು ಅಟ್ಟಿಸಿಕೊಂಡು ಬಂದರು ಎಂಬುದೆಲ್ಲ ಇದ್ದದ್ದು ಆ ಹತ್ತು ಸೆಕೆಂಡಿನಲ್ಲೇ. ಉಳಿದದ್ದು ಪುರಾವೆಯಲ್ಲ, ಒಬ್ಬರ ಕಡೆಯ ಕಥೆ. ಅದನ್ನೇ ಟಿವಿ ವಾಹಿನಿಗಳು ಬಾಣದ ಗುರುತು ಹಾಕಿ ಇಡೀ ಸಂಜೆ ತಿರುಗಿಸುತ್ತವೆ. ಮೂಲ ಫೈಲು ಇದೆಯೇ ಎಂದು ಕೇಳುವ ಗೋಜಿಗೆ ಎಷ್ಟು ಸುದ್ದಿಮನೆ ಹೋಗುತ್ತದೆ?

ಇದರಿಂದಲೇ ಹೇಗೆ ಮುಚ್ಚುತ್ತೀರಿ ಎಂಬುದು ತಾಂತ್ರಿಕ ಆಯ್ಕೆ ಮಾತ್ರವಲ್ಲ, ನಿಯತ್ತಿನ ಪ್ರಶ್ನೆ. ಪಟ್ಟಿಯನ್ನು ಕತ್ತರಿಸಿದರೆ ಅಲ್ಲಿ ಏನೋ ಇತ್ತು ಎಂಬುದೇ ನೋಡುವವನಿಗೆ ಗೊತ್ತಾಗುವುದಿಲ್ಲ. ಅಕ್ಷರ ಒರೆಸಿ ಸುತ್ತಲಿನ ಡಾಂಬರಿನ ಬಣ್ಣ ತುಂಬುವ ತಂತ್ರಾಂಶಗಳದು ಇನ್ನೂ ಕೆಟ್ಟ ಕೆಲಸ, ಅವು ಇಲ್ಲದ ರಸ್ತೆಯನ್ನು ಬರೆಯುತ್ತವೆ. ಮಸುಕು ಮಾಡುವುದು ಸಭ್ಯವಾಗಿ ಕಾಣುತ್ತದೆ, ಆದರೆ ನಂಬಲರ್ಹವಲ್ಲ. ಒಂದೇ ಜಾಗ, ಒಂದೇ ಅಕ್ಷರರೂಪ, ಹತ್ತೇ ಅಂಕಿಗಳು. ಹಟ ಹಿಡಿದವನು ಪ್ರತಿ ಅಂಕಿಯನ್ನೂ ಅದೇ ಹದಕ್ಕೆ ಮಸುಕುಗೊಳಿಸಿ ಹೋಲಿಸಿ ನೋಡಿದರೆ ಒಳಗಿನದು ಹೊರಬರಬಹುದು. ಉಳಿಯುವ ದಾರಿ ಒಂದೇ: ಗಟ್ಟಿ ಕಪ್ಪು ಪಟ್ಟಿ. ಅದು ಒಳಗಿನದನ್ನು ಪೂರ್ತಿ ಮುಚ್ಚುತ್ತದೆ, ತಾನು ಮುಚ್ಚಿದ್ದೇನೆ ಎಂದು ಒಪ್ಪಿಕೊಳ್ಳುತ್ತದೆ, ಚಿತ್ರದ ಅಳತೆಯನ್ನೂ ಬದಲಿಸುವುದಿಲ್ಲ.

ಇದಕ್ಕೆ ದುಬಾರಿ ತಂತ್ರಾಂಶ ಬೇಡ. ffmpeg ಎಂಬ ಉಚಿತ ಸಾಧನದಲ್ಲಿ ಒಂದೇ ಆಜ್ಞೆ:

```
ffmpeg -i mula.mp4 -map 0:v:0 -an -map_metadata -1 -vf "drawbox=x=0:y=ih-70:w=iw:h=70:color=black:t=fill" hanchike.mp4
```

ಇಲ್ಲಿ 70 ಎಂಬುದು ಪಟ್ಟಿಯ ಎತ್ತರ, ನಿಮ್ಮ ಕ್ಯಾಮೆರಾದ ಅಕ್ಷರಕ್ಕೆ ತಕ್ಕಂತೆ ಬದಲಿಸಬೇಕು. `-an` ಎಂದರೆ ಕಾರಿನೊಳಗಿನ ಮಾತುಕತೆಯೂ ಹೋಗುತ್ತದೆ. ವಿಡಿಯೊ ಹರಿವನ್ನು ಮಾತ್ರ ಆರಿಸಿಕೊಂಡದ್ದರಿಂದ ಒಡಲೊಳಗಿನ ಜಿಪಿಎಸ್ ಸಾಲುಗಳೂ ಹಿಂದುಳಿಯುತ್ತವೆ. ನಂಬಿಕೆಯ ಮೇಲೆ ಬಿಡಬೇಡಿ, `exiftool -ee -a hanchike.mp4` ಎಂದು ಕೇಳಿ ನೋಡಿ. ಅಕ್ಷಾಂಶ ಕಾಣಿಸಬಾರದು. ಅದೇ ಪ್ರಶ್ನೆಯನ್ನು ಮೂಲ ಫೈಲಿಗೂ ಒಮ್ಮೆ ಕೇಳಿ. ಆಫ್ ಮಾಡಿದ್ದೇವೆಂದು ನೆಮ್ಮದಿಯಾಗಿದ್ದ ಎಷ್ಟೋ ಮಂದಿಗೆ ಅಲ್ಲಿ ಕಾಣುವ ಉದ್ದನೆಯ ಪಟ್ಟಿ ನಿದ್ದೆ ಕೆಡಿಸೀತು. ಫೈಲಿನ ಹೆಸರಿನಲ್ಲೇ ದಿನಾಂಕ, ಸಮಯ ಇರುತ್ತದೆಂಬುದನ್ನೂ ಮರೆಯಬೇಡಿ.

ಇದೆಲ್ಲ ನಕಲಿನ ಮೇಲೆ ಮಾತ್ರ. ಮೂಲದ ವಿಷಯದಲ್ಲಿ ಕೈ ಕಟ್ಟಿ ಕೂರಬೇಕು. ಮನೆಯ ಕ್ರಯಪತ್ರದ ಜೆರಾಕ್ಸ್ ಕೊಟ್ಟ ಮೇಲೆ ಮೂಲವನ್ನು ಒಲೆಗೆ ಹಾಕುವವರು ನಮ್ಮಲ್ಲಿ ಯಾರಿದ್ದಾರೆ? ಹಾಗಿರುವಾಗ ಇಲ್ಲೇಕೆ ಆ ಬುದ್ಧಿ? ಘಟನೆ ನಡೆದ ಜಾಗದಲ್ಲೇ ಕ್ಯಾಮೆರಾದ ಲಾಕ್ ಗುಂಡಿ ಒತ್ತಬೇಕು. ಕ್ಯಾಮೆರಾ ಆರಿಸಿ, ಕೊನೆಯ ಫೈಲ್ ಮುಚ್ಚಿಕೊಳ್ಳಲು ಕೆಲವು ಸೆಕೆಂಡು ಬಿಟ್ಟು, ಕಾರ್ಡ್ ತೆಗೆಯಬೇಕು. ಫೋನಿನ ಆ್ಯಪಿನಿಂದ ಇಳಿಸಿಕೊಂಡದ್ದನ್ನು ಮೂಲವೆಂದು ನಂಬಬಾರದು, ಕೆಲವು ಆ್ಯಪ್‌ಗಳು ಕೊಡುವುದು ಸಣ್ಣ ಗಾತ್ರದ ನಕಲನ್ನು. ಕಾರ್ಡ್ ರೀಡರಿನಲ್ಲಿ ಕಂಪ್ಯೂಟರಿಗೆ ಹಾಕಿ, ಘಟನೆಯ ಫೈಲಿನ ಜೊತೆ ಅದರ ಹಿಂದಿನದು, ಮುಂದಿನದು, ಹಿಂಬದಿ ಕ್ಯಾಮೆರಾದ್ದು, ಹೆಸರು ಬದಲಿಸದೆ ಎಲ್ಲವನ್ನೂ ನಕಲಿಸಬೇಕು. ವಿಂಡೋಸಿನಲ್ಲಿ `certutil -hashfile mula.mp4 SHA256` ಎಂದರೆ ಉದ್ದನೆಯ ಒಂದು ಸಾಲು ಬರುತ್ತದೆ. ಫೈಲಿನ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಬೇರೆಯಾಗುತ್ತದೆ. ಅದನ್ನು ಬರೆದು, ದಿನಾಂಕ ಹಾಕಿ, ನಿಮ್ಮ ವಕೀಲರಿಗೋ ವಿಮೆ ಕಂಪನಿಗೋ ಅಂದೇ ಇಮೇಲ್ ಮಾಡಿಬಿಡಿ. ಆಮೇಲೆ ಯಾರಾದರೂ "ತಿದ್ದಿದ್ದೀರಿ" ಎಂದರೆ ಅಂದಿನ ಸಾಲು ಇಂದಿನ ಸಾಲಿಗೆ ಸರಿಹೊಂದುತ್ತದೋ ನೋಡಿ ಎನ್ನಬಹುದು. ಗಾಯ, ಸಾವು ಒಳಗೊಂಡ ಪ್ರಕರಣವಾದರೆ ಆ ಕಾರ್ಡನ್ನೇ ತೆಗೆದಿಟ್ಟು ಕ್ಯಾಮೆರಾಗೆ ಹೊಸದನ್ನು ಹಾಕಿ. ಕಾರ್ಡಿಗೆ ಕೊಡುವ ದುಡ್ಡು ಎಷ್ಟು, ಕಾರ್ಡಿಲ್ಲದ್ದಕ್ಕೆ ತೆರುವ ಬೆಲೆ ಎಷ್ಟು?

ಬದಲಾಗಬೇಕಾದವರು ಚಾಲಕರಷ್ಟೇ ಅಲ್ಲ. ಕ್ಯಾಮೆರಾ ಮಾರುವವರು ಅಚ್ಚನ್ನು ಚಿತ್ರದೊಳಗೆ ಸುಡುವ ಬದಲು ಬೇರೆ ಸಾಲಾಗಿ ಇಡಲಿ. ಮೂಲ ಹಾಗೇ ಉಳಿದು, ಹಂಚುವಾಗ ಬೇಕಾದ್ದನ್ನು ಮಾತ್ರ ಮುಚ್ಚುವ ಗುಂಡಿಯನ್ನು ಆ್ಯಪಿನಲ್ಲೇ ಕೊಡಲಿ. ಕೂರಿಸುವ ಅಂಗಡಿಯವರು "ಆಫ್ ಮಾಡಿ" ಎಂಬ ಮಂತ್ರ ಬಿಟ್ಟು ಕಾರ್ಡಿನಲ್ಲಿ ಎಷ್ಟು ಗಂಟೆ ಉಳಿಯುತ್ತದೆ, ಲಾಕ್ ಗುಂಡಿ ಎಲ್ಲಿದೆ ಎಂದು ಹೇಳಿಕೊಡಲಿ. ಸಾರ್ವಜನಿಕರ ವಿಡಿಯೊ ನೋಡಿ ಕ್ರಮ ಕೈಗೊಳ್ಳುವ ಸಂಚಾರ ಪೊಲೀಸರು, ಕತ್ತರಿಸಿದ ತುಣುಕಿನ ಮೇಲೆ ದಂಡ ಬರೆಯುವ ಮೊದಲು "ಮೂಲ ಕೊಡಿ" ಎಂದು ಕೇಳಲಿ, ಅದನ್ನು ಊರಿಗೆ ತೋರಿಸದೆ ನೇರವಾಗಿ ಪಡೆಯುವ ದಾರಿಯನ್ನೂ ಮಾಡಲಿ. ಸುದ್ದಿಮನೆಗಳು ಸ್ಟ್ಯಾಂಪ್ ಕತ್ತರಿಸಿದ ವಿಡಿಯೊಗೆ ಆ ಮಾತನ್ನು ಪರದೆಯ ಮೇಲೆ ಬರೆದೇ ತೋರಿಸಲಿ, ಬರೆಯಲು ನಾಚಿಕೆಯಾದರೆ ತೋರಿಸದಿರಲಿ.

ಚಾಲಕರಿಗೆ ಹೇಳುವುದು ಇನ್ನೂ ನೇರ. ಮನೆಯ ವಿಳಾಸ ಮುಚ್ಚಿ, ಕಪ್ಪು ಪಟ್ಟಿ ಹಾಕಿ ಮುಚ್ಚಿ, "ವೇಗ–ಸ್ಥಳ ಮುಚ್ಚಿದೆ, ಮೂಲ ನನ್ನ ಬಳಿ ಇದೆ, ಕೇಳಬೇಕಾದವರು ಕೇಳಿದರೆ ಕೊಡುತ್ತೇನೆ" ಎಂದು ಕೆಳಗೆ ಬರೆಯಿರಿ. ಎದುರಿನವನ ನಂಬರಿಗೂ ಅದೇ ಕಪ್ಪು ಪಟ್ಟಿ ಹಾಕಿ, ಅದು ಪೊಲೀಸರಿಗೆ ಹೋದರೆ ಸಾಕು. ಆ ಒಂದು ವಾಕ್ಯ ಬರೆಯಲು ನಿಮ್ಮ ಕೈ ಹಿಂಜರಿದರೆ ಆ ವಿಡಿಯೊ ಹಾಕುವ ಹಕ್ಕು ನಿಮಗಿಲ್ಲ. ಇನ್ನೊಬ್ಬನ ತಪ್ಪನ್ನು ಲೋಕಕ್ಕೆ ತೋರಿಸಲು ಹೊರಟವನು ತನ್ನ ವೇಗವನ್ನು ಕೋರ್ಟಿಗೆ ತೋರಿಸಲು ಸಿದ್ಧನಿರಬೇಕು. ಸಿದ್ಧನಿಲ್ಲದಿದ್ದರೆ ಮೊದಲು ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆಯಲಿ, ಆಮೇಲೆ ಕ್ಯಾಮೆರಾದ ಮೆನುವಿನ ಮೇಲಿಂದ ಕೈ ತೆಗೆಯಲಿ.